ಗಾಯ ಪಾದದಲ್ಲಿ, ತಪ್ಪು ಸಿರಿಂಜಿನಲ್ಲಿ: ಮಧುಮೇಹಿಯೊಬ್ಬರ ಶುಶ್ರೂಷಾ ಯೋಜನೆ

ನರ್ಸಿಂಗ್ ವಿದ್ಯಾರ್ಥಿಗಳ ಕೇರ್ ಪ್ಲಾನ್ ಪುಸ್ತಕದಲ್ಲಿ ಮಧುಮೇಹದ ಪುಟ ತೆರೆದರೆ ಬಹಳ ಸಲ ಕಾಣುವ ಸಾಲು ಇದು: ‘ಮಧುಮೇಹದಿಂದಾಗಿ ಚರ್ಮಕ್ಕೆ ಹಾನಿ.’ ಪಕ್ಕದ ಕಾಲಂನಲ್ಲಿ ‘ಡ್ರೆಸ್ಸಿಂಗ್ ಮಾಡುವುದು, ಸಕ್ಕರೆ ಪರೀಕ್ಷಿಸುವುದು, ರೋಗಿಗೆ ಧೈರ್ಯ ಹೇಳುವುದು.’ ಕೊನೆಯ ಕಾಲಂನಲ್ಲಿ ‘ಗುರಿ ಭಾಗಶಃ ಈಡೇರಿದೆ.’ ಈ ಪುಟಕ್ಕೆ ಯಾವ ರೋಗಿಯ ಹೆಸರು ಅಂಟಿಸಿದರೂ ನಡೆಯುತ್ತದೆ. ಅದೇ ಅದರ ದೋಷ.

ಮಧುಮೇಹ ಎಂಬುದು ವೈದ್ಯರು ಬರೆಯುವ ರೋಗನಿದಾನ. ಅದನ್ನು ನರ್ಸ್ ವಾಸಿ ಮಾಡಲಾರಳು. ನರ್ಸಿಂಗ್ ಡಯಾಗ್ನೋಸಿಸ್‌ನಲ್ಲಿ ಬರಬೇಕಾದ್ದು ನರ್ಸ್ ಕೈಹಾಕಿ ಬದಲಿಸಬಹುದಾದ ಕಾರಣ. ಆ ಕಾರಣ ಸರಿಯಾಗಿ ಸಿಕ್ಕರೆ ಏನು ಮಾಡಬೇಕೆಂಬುದು ಅದರಿಂದಲೇ ಹೊರಡುತ್ತದೆ. ತಪ್ಪಿದರೆ ಡ್ರೆಸ್ಸಿಂಗ್ ಎಷ್ಟು ಅಚ್ಚುಕಟ್ಟಾಗಿದ್ದರೂ ಗಾಯ ಹಾಗೇ ಉಳಿಯುತ್ತದೆ. ಇದನ್ನು ತೋರಿಸಲು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ವ್ಯಕ್ತಿ ಕಲ್ಪಿತ, ಆದರೆ ಅವರಲ್ಲಿರುವ ಒಂದೊಂದು ಸಂಗತಿಯೂ ನಮ್ಮ ತಾಲೂಕು ಆಸ್ಪತ್ರೆಗಳ ವಾರ್ಡುಗಳಲ್ಲಿ ಕಾಣುವಂಥದ್ದೇ.

ಮಂಡ್ಯ ಕಡೆಯ 58 ವರ್ಷದ ಕಬ್ಬಿನ ರೈತ. 12 ವರ್ಷದಿಂದ ಸಕ್ಕರೆ ಕಾಯಿಲೆ, 2 ವರ್ಷದಿಂದ ಇನ್ಸುಲಿನ್. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ ಹುಣ್ಣು. ನೋವಿಲ್ಲ. ಹಾಸಿಗೆಯ ಮೇಲೆ ಕಲೆ ಕಂಡು ಹೆಂಡತಿ ಕೇಳಿದಾಗಲೇ ಗಾಯವಿದೆಯೆಂದು ಅವರಿಗೆ ಗೊತ್ತಾದದ್ದು. ದಾಖಲಾದಾಗ ಸಕ್ಕರೆ 318, ಮೈಶಾಖ 99.4 ಫ್ಯಾರನ್‌ಹೀಟ್, ಮೂತ್ರದಲ್ಲಿ ಕೀಟೋನ್ ಇಲ್ಲ, ಕಳೆದ ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 10.2.

ಅಸೆಸ್‌ಮೆಂಟ್: ನೋಡುವುದು, ಮುಟ್ಟುವುದು, ಮಾಡಿ ತೋರಿಸಿ ಎನ್ನುವುದು

ಗಾಯದಿಂದಲೇ ಶುರುಮಾಡೋಣ. ‘ಪಾದದಲ್ಲಿ ಹುಣ್ಣು ಇದೆ’ ಎಂದು ಬರೆದರೆ ವಾರದ ನಂತರ ಅದು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳಲಾಗುವುದಿಲ್ಲ. ಅತಿ ಉದ್ದವಿರುವ ಕಡೆ ಒಂದು ಅಳತೆ, ಅದಕ್ಕೆ ಅಡ್ಡಲಾಗಿ ಒಂದು ಅಳತೆ, ಶುದ್ಧೀಕರಿಸಿದ ಕಡ್ಡಿಯಿಂದ ಆಳ. ಇವರದ್ದು 2 ಸೆಂ.ಮೀ. ಉದ್ದ, 1.5 ಅಗಲ, ಅರ್ಧ ಸೆಂ.ಮೀ. ಆಳ. ತಳದಲ್ಲಿ ಹಳದಿ ಪೊರೆ, ಸುತ್ತ ಗಟ್ಟಿಗಟ್ಟಿದ ದಪ್ಪ ಚರ್ಮ, ಅದರಾಚೆ ಸುಮಾರು 1 ಸೆಂ.ಮೀ. ಕೆಂಪು. ಈ ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ದಿನಾಂಕ, ಸಮಯ ಹಾಕಿಡಬೇಕು. ಮರುದಿನ ಕೆಂಪು ಗೆರೆ ದಾಟಿದ್ದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಗಾಯದ ಅಂಚಿನಿಂದ 2 ಸೆಂ.ಮೀ. ಮೀರಿ ಹರಡಿದರೆ, ಜ್ವರ ಏರಿದರೆ, ಕೆಟ್ಟ ವಾಸನೆ ಬಂದರೆ ಬೆಳಗಿನ ರೌಂಡ್ಸ್‌ಗೆ ಕಾಯದೆ ವೈದ್ಯರನ್ನು ಕರೆಯಬೇಕು. ಮೂಳೆಗೆ ಸೋಂಕು ತಗುಲಿದೆಯೇ ಎಂಬುದನ್ನು ವೈದ್ಯರು ಎಕ್ಸ್‌ರೇ ತೆಗೆಸಿ ನೋಡಿದ್ದಾರೆ; ಸದ್ಯಕ್ಕೆ ಅಂಥ ಲಕ್ಷಣವಿಲ್ಲ.

ಆಮೇಲೆ ಎರಡು ಪ್ರಶ್ನೆ: ಈ ಪಾದಕ್ಕೆ ರಕ್ತ ಬರುತ್ತಿದೆಯೇ? ಈ ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದೆಯೇ? ರಕ್ತದ ಹರಿವಿಗೆ ಪಾದದ ಮೇಲ್ಭಾಗದಲ್ಲೂ ಒಳಬದಿಯ ಹರಡಿನ ಹಿಂದೆಯೂ ನಾಡಿ ಹಿಡಿದು ನೋಡಬೇಕು. ಇವರಿಗೆ ಎರಡೂ ಕಡೆ ಚೆನ್ನಾಗಿ ಸಿಗುತ್ತದೆ, ಪಾದ ಬೆಚ್ಚಗಿದೆ. ಸ್ಪರ್ಶಕ್ಕೆ ಇರುವುದು 10 ಗ್ರಾಂ ಮೊನೊಫಿಲಮೆಂಟ್, ಒಂದು ನೈಲಾನ್ ಎಳೆ. ಮೊದಲು ಅದನ್ನು ರೋಗಿಯ ಕೈಗೆ ತಾಗಿಸಿ ‘ಹೀಗನ್ನಿಸುತ್ತೆ’ ಎಂದು ತೋರಿಸಿ, ನಂತರ ಕಣ್ಣು ಮುಚ್ಚಿಸಿ, ಎಳೆ ಬಾಗುವಷ್ಟು ಒತ್ತಿ ಒಂದೆರಡು ಸೆಕೆಂಡ್ ಹಿಡಿಯಬೇಕು. ಹೆಬ್ಬೆರಳ ತುದಿ, ಮೊದಲ, ಮೂರನೆಯ, ಐದನೆಯ ಬೆರಳುಗಳ ಬುಡ. ದಪ್ಪಚರ್ಮದ ಮೇಲೆ, ಗಾಯದ ಮೇಲೆ ಒತ್ತಬಾರದು. ‘ಗೊತ್ತಾಯ್ತಾ?’ ಎಂದು ಪ್ರತಿಸಲ ಕೇಳಿದರೆ ಬಹುಪಾಲು ಜನ ಮರ್ಯಾದೆಗೆ ‘ಹೂಂ’ ಅಂದುಬಿಡುತ್ತಾರೆ. ಅದಕ್ಕೇ ಮುಟ್ಟದೆಯೂ ಒಂದೆರಡು ಸಲ ಕೇಳಬೇಕು. ನಮ್ಮ ರೋಗಿಗೆ ಬಲಗಾಲಿನಲ್ಲಿ ಗಾಯ, ದಪ್ಪಚರ್ಮ ಬಿಟ್ಟು ಒತ್ತಿ ನೋಡಿದ ಒಂದು ಜಾಗವೂ ಗೊತ್ತಾಗಲಿಲ್ಲ, ಎಡಗಾಲಿನಲ್ಲಿ ನಾಲ್ಕರಲ್ಲಿ ಎರಡು.

ಅಲ್ಲಿಗೆ ಚಿತ್ರ ಸ್ಪಷ್ಟ. ರಕ್ತ ಬರುತ್ತಿದೆ, ಸಂವೇದನೆ ಸತ್ತಿದೆ. ನೋವಿರುವ ಕಾಲನ್ನು ಯಾರಾದರೂ ಕುಂಟಿಕೊಂಡು ಕಾಪಾಡುತ್ತಾರೆ. ನೋವಿಲ್ಲದ ಕಾಲಿನ ಮೇಲೆ ಪೂರ್ತಿ ಭಾರ ಬೀಳುತ್ತದೆ. ಅವರ ಚಪ್ಪಲಿ ತರಿಸಿ ಒಳಗೆ ಕೈಯಾಡಿಸಿದಾಗ ಅಟ್ಟೆಯಿಂದ ಮೇಲೆ ಬಂದ ಮೊಳೆಯ ತುದಿ ಬೆರಳಿಗೆ ಸಿಕ್ಕಿತು. ಪಾದದ ಗಾಯವಿದ್ದವರ ಪಾದರಕ್ಷೆ ನೋಡದೆ ಅಸೆಸ್‌ಮೆಂಟ್ ಮುಗಿಸಬಾರದು.

ಇನ್ನು ಸಕ್ಕರೆ. ಚೀಟಿಯಲ್ಲಿ 30/70 ಮಿಶ್ರ ಇನ್ಸುಲಿನ್, ಬೆಳಿಗ್ಗೆ 20 ಯೂನಿಟ್, ರಾತ್ರಿ 12. ‘ಒಂದು ದಿನವೂ ತಪ್ಪಿಸಿಲ್ಲ’ ಎನ್ನುತ್ತಾರೆ. ಹಾಗಿದ್ದೂ 318 ಏಕೆ? ಇಲ್ಲಿ ‘ರೋಗಿ ಪಥ್ಯ ಮಾಡುತ್ತಿಲ್ಲ’ ಎಂದು ಬರೆದು ಮುಂದೆ ಹೋಗುವುದು ಸುಲಭ. ಅದರ ಬದಲು ಮನೆಯಿಂದ ಬಾಟಲಿ, ಸಿರಿಂಜ್ ಎರಡನ್ನೂ ತರಿಸಿ ಹೆಂಡತಿಯನ್ನು ಕೇಳಬೇಕು: ‘ಅಮ್ಮಾ, ಮನೇಲಿ ಹೇಗೆ ಸೂಜಿ ಹಾಕ್ತೀರೋ ಹಾಗೇ ಒಂದ್ಸಲ ಎಳೆದು ತೋರಿಸಿ.’

‘ಇಪ್ಪತ್ತರ ಗೀಟಿಗೆ ಎಳ್ಕೊತೀನಿ ಸಿಸ್ಟರ್. ಡಾಕ್ಟ್ರು ಇಪ್ಪತ್ತು ಅಂದವ್ರೆ.’

ಎಳೆದದ್ದು ಸರಿಯಾಗಿ ಇಪ್ಪತ್ತರ ಗೀಟಿಗೇ. ಆದರೆ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು.

ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಸಿಗುವುದು 1 ಎಂ.ಎಲ್.ಗೆ 40 ಯೂನಿಟ್ ಸಾಂದ್ರತೆಯಲ್ಲಿ. ಪೆನ್ನಿನ ಕಾರ್ಟ್ರಿಡ್ಜ್ ಸಾಮಾನ್ಯವಾಗಿ 100ರದ್ದು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. ಕಿತ್ತಳೆ ಸಿರಿಂಜಿನ 20ರ ಗೀಟು ಎಂದರೆ 0.2 ಎಂ.ಎಲ್. ಅಷ್ಟು ದ್ರವದಲ್ಲಿ 40ರ ಇನ್ಸುಲಿನ್ ಇರುವುದು 8 ಯೂನಿಟ್ ಮಾತ್ರ. ರಾತ್ರಿಯ 12 ಹೆಚ್ಚುಕಡಿಮೆ 5 ಆಗಿದೆ. ಅಂದರೆ ದಿನಕ್ಕೆ 32 ಯೂನಿಟ್ ಬೇಕಾದವರಿಗೆ 13 ಸಿಗುತ್ತಿತ್ತು. ಅಂಗಡಿಯವರು ಈ ಸಲ ಇದ್ದ ಸಿರಿಂಜ್ ಕೊಟ್ಟರು, ಇವರು ತಂದರು, ಅಷ್ಟೆ. ತಪ್ಪು ಉಲ್ಟಾ ಆದರೆ ಇನ್ನೂ ಅಪಾಯ: 100ರ ಇನ್ಸುಲಿನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೀಟಿಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್.

ಈ ಸಂಗತಿ ಫೈಲಿನಲ್ಲಿ ಬರೆದು ಸುಮ್ಮನಿರುವಂಥದ್ದಲ್ಲ. ‘ಮನೆಯ ಡೋಸ್ ಮುಂದುವರಿಸಿ’ ಎಂಬ ಆದೇಶದಂತೆ ವಾರ್ಡಿನಲ್ಲಿ ಸರಿಯಾದ ಸಿರಿಂಜಿನಿಂದ 20 ಯೂನಿಟ್ ಕೊಟ್ಟರೆ ಆ ದೇಹಕ್ಕೆ ಒಮ್ಮೆಲೇ ಎರಡೂವರೆ ಪಟ್ಟು ಇನ್ಸುಲಿನ್ ಸಿಗುತ್ತದೆ. ಹಾಗಾಗಿ ಮೊದಲ ಡೋಸ್‌ಗೆ ಮುಂಚೆಯೇ ವೈದ್ಯರಿಗೆ ಹೇಳಬೇಕು. ಇವರ ವಿಷಯದಲ್ಲಿ ವೈದ್ಯರು 14 ಮತ್ತು 8ರಿಂದ ಶುರುಮಾಡಿದರು.

ಹೊಟ್ಟೆಯ ಚರ್ಮ ಮುಟ್ಟಿ ನೋಡುವುದನ್ನೂ ಬಿಡಬಾರದು. ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ ಕೊಬ್ಬಿನ ಗಂಟು ಆಗಿದ್ದರೆ ಅಲ್ಲಿ ಹಾಕಿದ ಇನ್ಸುಲಿನನ್ನು ದೇಹ ಒಂದೊಂದು ದಿನ ಒಂದೊಂದು ಥರ ಹೀರಿಕೊಳ್ಳುತ್ತದೆ. ಇವರಿಗೆ ಹೊಕ್ಕಳಿನ ಬಲಕ್ಕೆ ಸಣ್ಣದೊಂದು ಗಂಟು ಇತ್ತು.

ಡಯಾಗ್ನೋಸಿಸ್: ಮೂರೇ ಸಾಕು

ಹತ್ತು ಬರೆಯಬಹುದು. ಪಾಳಿಗೆ ಮೂವತ್ತು ರೋಗಿಗಳಿರುವ ವಾರ್ಡಿನಲ್ಲಿ ಹತ್ತನ್ನೂ ಯಾರೂ ಓದುವುದಿಲ್ಲ. ಬರೆಯುವಾಗ ಸಮಸ್ಯೆ, ಕಾರಣ, ಕಣ್ಣಿಗೆ ಕಂಡ ಆಧಾರ ಈ ಮೂರೂ ಒಂದೇ ವಾಕ್ಯದಲ್ಲಿರಲಿ.

ಮೊದಲನೆಯದು: ತಪ್ಪು ಸಿರಿಂಜಿನಿಂದ ಕಡಿಮೆ ಇನ್ಸುಲಿನ್ ಸಿಕ್ಕಿದ್ದರಿಂದ ಹಾಗೂ ಸೋಂಕಿನಿಂದ ರಕ್ತದ ಸಕ್ಕರೆ ಹತೋಟಿ ತಪ್ಪಿದೆ; ಆಧಾರ 318 ಮತ್ತು 10.2.

ಎರಡನೆಯದು: ಸ್ಪರ್ಶಜ್ಞಾನವಿಲ್ಲದ ಪಾದದ ಮೇಲೆ ಸತತ ಒತ್ತಡ ಬೀಳುತ್ತಿರುವುದರಿಂದ ಚರ್ಮ, ಒಳಗಿನ ಅಂಗಾಂಶ ಕೆಟ್ಟಿವೆ, ಆಧಾರ 2×1.5 ಸೆಂ.ಮೀ. ಹುಣ್ಣು, ಸುತ್ತಲ ದಪ್ಪಚರ್ಮ, ಮೊನೊಫಿಲಮೆಂಟ್ ಫಲಿತಾಂಶ.

ಮೂರನೆಯದು: ಇನ್ಸುಲಿನ್ ಎಳೆಯುವುದು, ಪಾದ ನೋಡಿಕೊಳ್ಳುವುದು ಯಾರೂ ಕೈಹಿಡಿದು ಕಲಿಸದ ಕಾರಣ ಮನೆಯಲ್ಲಿ ಕಾಯಿಲೆ ನಿಭಾಯಿಸಲು ಆಗುತ್ತಿಲ್ಲ, ಆಧಾರ ಹೆಂಡತಿ ಎಳೆದು ತೋರಿಸಿದ್ದು, ಮೊಳೆಯಿದ್ದ ಚಪ್ಪಲಿ.

ಸಕ್ಕರೆಯನ್ನು ಮೊದಲಿಟ್ಟದ್ದಕ್ಕೆ ಕಾರಣ ಸರಳ. ಗಾಯ ವಾರಗಟ್ಟಲೆ ಕಾಯುತ್ತದೆ, ಸಕ್ಕರೆ ಕುಸಿದರೆ ನಿಮಿಷಗಳಲ್ಲಿ ಪ್ರಾಣಕ್ಕೆ ಕುತ್ತು ಬರುತ್ತದೆ.

ಗುರಿಗಳಿಗೂ ಅಂಕಿ, ಗಡುವು ಎರಡೂ ಬೇಕು. ಆಸ್ಪತ್ರೆಯಲ್ಲಿರುವ ಹೆಚ್ಚಿನ ರೋಗಿಗಳಿಗೆ ಸಕ್ಕರೆ 140ರಿಂದ 180ರ ನಡುವೆ ಇದ್ದರೆ ಸಾಕು. ಅದಕ್ಕಿಂತ ಕೆಳಗೆ ಹಟಹಿಡಿದು ಇಳಿಸಲು ಹೋದರೆ ಕುಸಿತದ ಅಪಾಯ ಹೆಚ್ಚು. ಆದ್ದರಿಂದ ಮೊದಲ ಗುರಿ: ‘ಐದು ದಿನದೊಳಗೆ ಊಟಕ್ಕೆ ಮುಂಚಿನ ಸಕ್ಕರೆ 140–180, ಯಾವ ಹೊತ್ತಿನಲ್ಲೂ 70ಕ್ಕಿಂತ ಕೆಳಗಿಲ್ಲ.’ ಎರಡನೆಯದು: ‘ವಾರದೊಳಗೆ ಕೆಂಪು ಹೋಗಬೇಕು, ನಾಲ್ಕು ವಾರದಲ್ಲಿ ಗಾಯದ ವಿಸ್ತೀರ್ಣ ಅರ್ಧಕ್ಕಿಳಿಯಬೇಕು.’ ಈ ನಾಲ್ಕು ವಾರದ ಲೆಕ್ಕ ಸುಮ್ಮನೆ ಇಟ್ಟದ್ದಲ್ಲ. ಅಷ್ಟರಲ್ಲಿ ಅರ್ಧದಷ್ಟೂ ಕುಗ್ಗದ ಮಧುಮೇಹದ ಹುಣ್ಣು ಅದೇ ಚಿಕಿತ್ಸೆಯಲ್ಲಿ ಮಾಯುವ ಸಂಭವ ಕಡಿಮೆ ಎಂಬುದು ತಿಳಿದಿರುವ ವಿಷಯ. ಮೂರನೆಯದು: ‘ಮನೆಗೆ ಹೋಗುವ ಮುನ್ನ ಹೆಂಡತಿ ಯಾರ ಸಹಾಯವೂ ಇಲ್ಲದೆ ಮೂರು ಸಲ ಸರಿಯಾದ ಡೋಸ್ ಎಳೆದು ತೋರಿಸಬೇಕು.’

ಮಾಡಬೇಕಾದ್ದು

ಸಕ್ಕರೆಯನ್ನು ಮೂರು ಹೊತ್ತು ಊಟಕ್ಕೆ ಮುಂಚೆ ಮತ್ತು ಮಲಗುವಾಗ ನೋಡಬೇಕು. ಡೋಸ್ ಏರಿಸಿದ ದಿನ ರಾತ್ರಿ ಎರಡು ಮೂರು ಗಂಟೆಗೂ ಒಮ್ಮೆ. ಚುಚ್ಚುವ ಮೊದಲು ಸೋಪು ನೀರಿನಲ್ಲಿ ಕೈ ತೊಳೆಸಿ ಒರೆಸಬೇಕು. ಬಾಳೆಹಣ್ಣು ಸುಲಿದ ಬೆರಳಿನಿಂದ ಬರುವ ಅಂಕಿ ಹಣ್ಣಿನದ್ದು, ರಕ್ತದ್ದಲ್ಲ. ಮಿಶ್ರ ಇನ್ಸುಲಿನ್ ಬಿಳಿಯಾಗಿ ಒಂದೇ ಸಮ ಕಾಣುವವರೆಗೆ ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸಬೇಕು, ಕುಲುಕಬಾರದು. ಹೊಕ್ಕಳಿನಿಂದ ಎರಡು ಬೆರಳು ದೂರ ಬಿಟ್ಟು, ಗಂಟಿರುವ ಜಾಗ ತಪ್ಪಿಸಿ, ಹಿಂದೆ ಚುಚ್ಚಿದ ಜಾಗದಿಂದ ಒಂದು ಸೆಂ.ಮೀ. ಆದರೂ ಸರಿದು ಹಾಕಬೇಕು.

ಆಸ್ಪತ್ರೆಗಳಲ್ಲಿ ಹೆಚ್ಚು ಎಡವುವುದು ಸಮಯದ ವಿಷಯದಲ್ಲಿ. ಈ ಬಗೆಯ ಇನ್ಸುಲಿನ್ ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುವಂಥದ್ದು. ಪಾಳಿ ಬದಲಾಗುವ ಮೊದಲು ಕೆಲಸ ಮುಗಿಸುವ ಆತುರದಲ್ಲಿ ಏಳೂವರೆಗೆ ಸೂಜಿ ಹಾಕಿ, ತಿಂಡಿ ಒಂಬತ್ತಕ್ಕೆ ಬಂದರೆ? ನಾಲ್ಕನೆಯ ದಿನ, ಡೋಸ್ 18 ಮತ್ತು 10ಕ್ಕೆ ಏರಿದ ಮರುದಿನ, ನಮ್ಮ ರೋಗಿಗೆ ಹಾಗೇ ಆಯಿತೆಂದುಕೊಳ್ಳಿ. ಸೂಜಿಯಾದ ಮೇಲೆ ಇನ್ನೊಂದು ಎಕ್ಸ್‌ರೇಗೆ ಕರೆದೊಯ್ದರು, ತಿಂಡಿ ತಪ್ಪಿತು. ಹತ್ತೂವರೆಗೆ ಮಂಕಾಗಿ ಕೂತಿದ್ದಾರೆ. ಬೆವರಿಲ್ಲ, ನಡುಕವಿಲ್ಲ. ಮೀಟರ್ ತೋರಿಸಿದ್ದು 62.

ಬೆವರು, ನಡುಕ ಬರಲಿಲ್ಲವೆಂದು ಮೋಸಹೋಗಬಾರದು. ಬಹಳ ವರ್ಷ ಮಧುಮೇಹವಿದ್ದು ನರ ಕೆಟ್ಟವರಿಗೆ ಈ ಮುನ್ಸೂಚನೆಗಳು ಕಾಣಿಸದೆಯೇ ಹೋಗಬಹುದು; ರಕ್ತದೊತ್ತಡಕ್ಕೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ನಡುಕ ಕಾಣದೆ ಬೆವರು ಮಾತ್ರ ಬರಬಹುದು. ಮಂಕು, ಸಿಡುಕು, ತಡವರಿಸುವ ಮಾತು ಕಂಡರೂ ಮೀಟರ್ ಹಿಡಿಯಬೇಕು. ಎಚ್ಚರವಿದ್ದು ನುಂಗಬಲ್ಲವರಾದರೆ ಗ್ಲುಕೋಸ್ ಪುಡಿ ಅಥವಾ ಸಕ್ಕರೆ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕದಡಿ ಕೊಟ್ಟು 15 ನಿಮಿಷಕ್ಕೆ ಮತ್ತೆ ನೋಡಬೇಕು; 70 ದಾಟಿರದಿದ್ದರೆ ಮತ್ತೆ ಅಷ್ಟೇ. ದಾಟಿದ ಮೇಲೆ ಊಟ ಅಥವಾ ತಿಂಡಿ. ಬಿಸ್ಕತ್ತು, ಚಾಕೊಲೇಟ್ ಮೊದಲ ಮದ್ದಲ್ಲ, ಕೊಬ್ಬು ಸಕ್ಕರೆಯ ಹೀರಿಕೆಯನ್ನು ನಿಧಾನ ಮಾಡುತ್ತದೆ. ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ಏನೂ ಹಾಕಬಾರದು. ವೈದ್ಯರನ್ನು ಕರೆದು ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್. ಇವರಿಗೆ 15 ನಿಮಿಷದ ನಂತರ 84 ಬಂತು, ಇಡ್ಲಿ ತಿಂದರು. ಆ ದಿನವೇ ಯೋಜನೆಗೆ ಒಂದು ಸಾಲು ಸೇರಿತು: ತಿಂಡಿಯ ತಟ್ಟೆ ವಾರ್ಡಿಗೆ ಬರುವ ಹೊತ್ತು ಖಚಿತವಾದ ಮೇಲೆಯೇ ಇನ್ಸುಲಿನ್; ಎಕ್ಸ್‌ರೇ, ಸ್ಕ್ಯಾನಿಂಗ್ ಇದ್ದ ದಿನ ಮೊದಲು ವೈದ್ಯರನ್ನು ಕೇಳಿ.

ಗಾಯಕ್ಕೆ ಸಲೈನ್‌ನಿಂದ ತೊಳೆದು, ತೇವ ಉಳಿಯುವಂಥ ಡ್ರೆಸ್ಸಿಂಗ್. ಹೈಡ್ರೋಜನ್ ಪೆರಾಕ್ಸೈಡ್ ಸುರಿದು ನೊರೆ ಬರಿಸುವ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ. ಅದು ಹೊಸದಾಗಿ ಬರುತ್ತಿರುವ ಜೀವಕೋಶಗಳನ್ನೂ ಸುಡುತ್ತದೆ. ಪಾದವನ್ನು ಬಿಸಿನೀರಿನಲ್ಲಿ ನೆನೆಸುವುದೂ ಬೇಡ. ದಪ್ಪಚರ್ಮ, ಸತ್ತ ಪೊರೆ ತೆಗೆಯುವುದು ವೈದ್ಯರ ಅಥವಾ ತರಬೇತಾದವರ ಕೆಲಸ.

ಎರಡನೆಯ ಡಯಾಗ್ನೋಸಿಸ್‌ನ ಕಾರಣ ಮತ್ತೆ ಓದಿ: ಸತತ ಒತ್ತಡ. ಹಾಗಾದರೆ ಮುಖ್ಯ ಚಿಕಿತ್ಸೆ ಡ್ರೆಸ್ಸಿಂಗ್ ಅಲ್ಲ, ಆ ಜಾಗದ ಮೇಲೆ ಭಾರ ಬೀಳದಂತೆ ಮಾಡುವುದು. ಯೋಜನೆಯಲ್ಲಿ ‘ಬಲಗಾಲು ಊರಬಾರದೆಂದು ತಿಳಿಹೇಳಲಾಗಿದೆ’ ಎಂದು ಬರೆದಿತ್ತು.

ಇವ್ಯಾಲ್ಯುಯೇಷನ್: ಏಳನೆಯ ದಿನ

ಊಟಕ್ಕೆ ಮುಂಚಿನ ಸಕ್ಕರೆ ಎರಡು ದಿನದಿಂದ 150 ಮತ್ತು 178ರ ನಡುವೆ. ಜ್ವರವಿಲ್ಲ. ಕೆಂಪು ಗೆರೆಯೊಳಗೆ ಸರಿದು ಮಾಯವಾಗಿದೆ, ಹಳದಿ ಪೊರೆ ಹೋಗಿ ತಳ ಗುಲಾಬಿಯಾಗಿದೆ. ಸೋಂಕಿನ ಮಟ್ಟಿಗೆ ಎಲ್ಲವೂ ಸರಿದಾರಿಯಲ್ಲಿದೆ. ಆದರೆ ಗಾಯದ ಅಳತೆ 1.9×1.5. ವಾರದಲ್ಲಿ ಹೆಚ್ಚೇನೂ ಕುಗ್ಗಬೇಕಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಅಂಚು ಹಾಗೆ ಬಿಡಲಿಲ್ಲ: ಅದು ಬೆಳ್ಳಗೆ, ನೆನೆದಂತೆ ಮೆತ್ತಗಾಗಿದೆ, ದಪ್ಪಚರ್ಮ ಮತ್ತೆ ಕಟ್ಟುತ್ತಿದೆ. ಬಿಚ್ಚಿದ ಬ್ಯಾಂಡೇಜಿನ ಅಂಗಾಲಿನ ಕಡೆ ಕಪ್ಪಾಗಿ ಚಪ್ಪಟೆಯಾಗಿತ್ತು. ಭಾರ ಬಿದ್ದಿಲ್ಲದ ಬ್ಯಾಂಡೇಜ್ ಹಾಗಾಗುವುದಿಲ್ಲ.

‘ಯಜಮಾನ್ರೇ, ಕಾಲು ಊರ್ತಿದೀರಾ?’

‘ಇಲ್ಲ ಸಿಸ್ಟರ್. ರಾತ್ರಿ ಒಂದೆರಡ್ ಸಲ ಬಾತ್‌ರೂಮ್‌ಗೆ ಹೋಗ್ತೀನಿ, ಅಷ್ಟೇಯ.’

ಬಾತ್‌ರೂಮ್ ವಾರ್ಡಿನ ಆ ತುದಿಯಲ್ಲಿದೆ. ಅವರು ಸುಳ್ಳು ಹೇಳಿಲ್ಲ, ಅವರ ಲೆಕ್ಕದಲ್ಲಿ ಅದು ನಡೆಯುವುದೇ ಅಲ್ಲ. ‘ತಿಳಿಹೇಳಲಾಗಿದೆ’ ಎಂಬುದು ಇಂಟರ್ವೆನ್ಷನ್ ಆಗಿರಲಿಲ್ಲ. ಊರದೆ ಇರಲು ಬೇಕಾದ್ದನ್ನು ಯಾರೂ ಕೊಟ್ಟಿರಲಿಲ್ಲ. ಇಲ್ಲಿ ‘ಗುರಿ ಭಾಗಶಃ ಈಡೇರಿದೆ’ ಎಂದು ಬರೆದು ಪುಟ ಮುಚ್ಚಿದರೆ ಇವ್ಯಾಲ್ಯುಯೇಷನ್ ಮಾಡಿ ಪ್ರಯೋಜನವಿಲ್ಲ. ಬದಲಾದ ಯೋಜನೆ ಹೀಗೆ: ಹಾಸಿಗೆ ಬಾತ್‌ರೂಮಿನ ಪಕ್ಕಕ್ಕೆ, ರಾತ್ರಿ ಯೂರಿನಲ್ ಕೈಗೆಟುಕುವಂತೆ, ಹಗಲು ವ್ಹೀಲ್‌ಚೇರ್. ವೈದ್ಯರೊಡನೆ ಮಾತಾಡಿ, ಸೋಂಕು ಇಳಿದಿರುವುದರಿಂದ ಜಿಲ್ಲಾ ಆಸ್ಪತ್ರೆಯಲ್ಲಿ ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಹಾಕಿಸುವುದು. ಮೊಣಕಾಲ ಕೆಳಗಿನಿಂದ ಪಾದಕ್ಕೆ ಅಂಟಿದಂತೆ ಕೂರುವ ಈ ಕಟ್ಟು ಭಾರವನ್ನು ಇಡೀ ಕಾಲಿಗೆ ಹಂಚುತ್ತದೆ. ರೋಗಿ ತಾನೇ ಬಿಚ್ಚಲಾರ ಎಂಬುದೇ ಅದರ ದೊಡ್ಡ ಗುಣ. ನಾಡಿ ಸಿಗದ, ರಕ್ತ ಹರಿಯದ ಕಾಲಿಗೆ ಮಾತ್ರ ಇದನ್ನು ಹಾಕುವಂತಿಲ್ಲ. ಮೊದಲ ದಿನವೇ ನಾಡಿ ನೋಡಿ ಬರೆದಿಟ್ಟದ್ದು ಈಗ ಕೆಲಸಕ್ಕೆ ಬಂತು. ಅಲ್ಲಿಗೆ ಹೋಗುವವರೆಗೆ ಗಾಯದ ಸುತ್ತ ತೂತು ಬಿಟ್ಟು ಕತ್ತರಿಸಿದ ದಪ್ಪ ಫೆಲ್ಟ್ ಅಂಟಿಸಬಹುದು.

ಮೂರನೆಯ ಗುರಿಗೆ ಕೈಯಲ್ಲಿ ಮಾಡಿಸುವುದೊಂದೇ ದಾರಿ. ಕೆಂಪು ಮುಚ್ಚಳದ ಸಿರಿಂಜ್, ಬಾಟಲಿಯ ಮೇಲೆ ಅದೇ ಬಣ್ಣದ ದಾರ. ಅಂಗಡಿಗೆ ಹೋದಾಗ ಹಳೆಯ ಬಾಟಲಿ ತೋರಿಸಿ ಸಿರಿಂಜ್ ಕೇಳಬೇಕು. ಹೆಂಡತಿ ಮೊದಲ ದಿನ ತಡವರಿಸಿದರು, ಮೂರನೆಯ ದಿನ ಗುಳ್ಳೆ ತಟ್ಟಿ ತೆಗೆದು 18ಕ್ಕೆ ನಿಲ್ಲಿಸಿದರು. ಊಟದ ಮಾತು ಬಂದಾಗ ಅವರದ್ದೇ ಪ್ರಶ್ನೆ: ‘ಮುದ್ದೆ ಎಷ್ಟು ಬೇಕಾದ್ರೂ ಉಣ್ಬೋದಲ್ವಾ?’ ರಾಗಿಯಲ್ಲಿ ಅಕ್ಕಿಗಿಂತ ನಾರು ಹೆಚ್ಚು ನಿಜ. ಆದರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವೇ ಇದೆ, ಅಕ್ಕಿಗಿಂತ ತುಸು ಕಡಿಮೆ ಅಷ್ಟೇ. ಎರಡು ದೊಡ್ಡ ಮುದ್ದೆ ಒಂದು ಚಿಕ್ಕದಾಗಿ, ಉಳಿದ ಜಾಗಕ್ಕೆ ಸೊಪ್ಪು, ಕಾಳಿನ ಸಾರು. ಪಾದಕ್ಕೆ ದಿನವೂ ಸಂಜೆ ಕನ್ನಡಿ ಹಿಡಿದು ಅಂಗಾಲು ನೋಡುವುದು, ಚಪ್ಪಲಿಗೆ ಕಾಲಿಡುವ ಮೊದಲು ಒಳಗೆ ಕೈಯಾಡಿಸುವುದು. ಆಣಿ, ದಪ್ಪಚರ್ಮಕ್ಕೆ ಬ್ಲೇಡು ಹಾಕಬಾರದು.

ನಾಲ್ಕನೆಯ ವಾರ, ಹೊರರೋಗಿ ವಿಭಾಗದಲ್ಲಿ ಕಾಸ್ಟ್ ಬದಲಿಸುವಾಗ ಗಾಯ 1.2×0.8 ಸೆಂ.ಮೀ. ಮೂರು ಚದರ ಸೆಂ.ಮೀ. ಇದ್ದದ್ದು ಒಂದಕ್ಕೆ ಬಂದಿದೆ, ಅರ್ಧದ ಗುರಿ ದಾಟಿದೆ. ಮಾಯ್ದ ಮೇಲೆ ಡಯಾಗ್ನೋಸಿಸ್ ಬದಲಾಗುತ್ತದೆಯೇ ಹೊರತು ಮುಗಿಯುವುದಿಲ್ಲ: ‘ಸ್ಪರ್ಶಜ್ಞಾನವಿಲ್ಲದ ಪಾದ, ಹಿಂದೆ ಹುಣ್ಣಾಗಿದ್ದ ಇತಿಹಾಸ, ಮತ್ತೆ ಹುಣ್ಣಾಗುವ ಅಪಾಯ.’ ಇಂಥ ಹುಣ್ಣು ಮಾಯ್ದವರಲ್ಲಿ ಸುಮಾರು ಶೇ. 40 ಜನರಿಗೆ ಒಂದು ವರ್ಷದೊಳಗೆ ಮತ್ತೆ ಆಗುತ್ತದೆ. ಹಾಗಾಗಿ ಬೆರಳ ಸಂದಿಯಲ್ಲಿ ಪಟ್ಟಿ ಇರುವ ಹವಾಯಿ ಚಪ್ಪಲಿಯ ಬದಲು ಹಿಮ್ಮಡಿಗೆ ಪಟ್ಟಿಯಿರುವ, ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ, ಮನೆಯೊಳಗೂ ಅದೇ. ಪ್ರತಿ ಒಂದರಿಂದ ಮೂರು ತಿಂಗಳಿಗೊಮ್ಮೆ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಪಾದ ತೋರಿಸುವುದು. ಬರುವಾಗ ಇನ್ಸುಲಿನ್ ಬಾಟಲಿ, ಸಿರಿಂಜ್, ಚಪ್ಪಲಿ ಮೂರನ್ನೂ ತರಬೇಕೆಂದು ಚೀಟಿಯಲ್ಲೇ ಬರೆದುಕೊಡಬೇಕು.